ಮಾಳಿಗಿ ಮ್ಯಾಲ ಎಷ್ಟು ಸೋಲಾರ್ ಹಾಕಸಬೇಕು?

ನಮ್ಮ ಮಾಳಿಗಿ ಮ್ಯಾಲ ಸೋಲಾರ್ ಪ್ಯಾನೆಲ್ ಕೂತು ಒಂದು ವರ್ಷದ ಮ್ಯಾಲಾತು. ಆವಾಗಿಂದ ನಮ್ಮ ಓಣಿಯೊಳಗ, ಬಳಗದಾಗ ಯಾರು ಸಿಕ್ಕರೂ ಒಂದ ಪ್ರಶ್ನೆ ಕೇಳತಾರ, "ನೀವು ಎಷ್ಟು ಕಿಲೋವ್ಯಾಟ್ ಹಾಕಸೀರಿ? ನಾವೂ ಅಷ್ಟ ಹಾಕಸಬೇಕೇನು?" ಒಬ್ಬರ ಕುಪ್ಪಸದ ಅಳತಿ ಇನ್ನೊಬ್ಬರಿಗೆ ಹೆಂಗ ಬರೂದಿಲ್ಲೋ ಹಂಗ ಇದೂ ನೋಡ್ರಿ. ಎಲ್ಲಾರ ಮನಿಗೂ ಬ್ಯಾರೆ ಬ್ಯಾರೆ. ಆದ್ರ ಅಳತಿ ತಗೊಳ್ಳೋ ರೀತಿ ಮಾತ್ರ ಒಂದ. ಅದಕ್ಕ ಬೇಕಾಗೂದು ಒಂದು ವರ್ಷದ ಲೈಟ್ ಬಿಲ್ಲು, ಒಂದು ಪೆನ್ನು, ಭಾಗಾಕಾರ. ಪಿಯುಸಿ ತನಕ ಕಲ್ತ ನನಗ ಬಂತು ಅಂದ್ರ ನಿಮಗೂ ಬರ್ತದ.

ಲೆಕ್ಕ ಹಾಕೂದು ಯಾಕ ಅಂತೀರೇನು? ದುಡ್ಡಿನ ಸಲುವಾಗಿ. ನಮ್ಮನಿಯವರು ರಿಟೈರ್ ಆದಾಗ ಬಂದ ದುಡ್ಡಿನ್ಯಾಗ ಒಂದು ಭಾಗ ಅತ್ತಿಯವರ ಮೊಣಕಾಲು ಆಪರೇಶನ್ನಿಗೆ ಅಂತ ತಗದ ಇಟ್ಟಿದ್ವಿ. ಸೋಲಾರ್ ಮಾರೂ ಹುಡುಗ ಬಂದು ಬಿಲ್ ನೋಡಿ, "ಅಕ್ಕಾರ, ನಿಮ್ಮ ಮನಿಗೆ ಐದು ಕಿಲೋವ್ಯಾಟ್ ಬೇಕ ಬೇಕ್ರಿ" ಅಂದ. ರೇಟು ಮೂರು ಲಕ್ಷ. ಸರ್ಕಾರದ ಸಬ್ಸಿಡಿ ಕಳದ್ರೂ 2,22,000 ನಮ್ಮ ಕೈಯಿಂದ ಹೋಗಬೇಕು. ಅಂದ್ರ ಆಪರೇಶನ್ನಿನ ದುಡ್ಡಿಗೆ ಕೈ ಹಚ್ಚಬೇಕು. ನಮ್ಮನಿಯವರು "ಹೆಂಗಾದ್ರೂ ಹಾಕಸೂದು, ದೊಡ್ಡದ ಹಾಕಸಿಬಿಡೂಣು" ಅಂತ ಹೊಂಟಿದ್ರು. ನಾನು, "ಎಂಟು ದಿವಸ ತಡೀರಿ, ಐದು ಎಲ್ಲಿಂದ ಬಂತು ಅಂತ ಮೊದಲ ನೋಡತೇನಿ" ಅಂದೆ.

ಮೊದಲನೇ ಕೆಲಸ, ಹನ್ನೆರಡು ತಿಂಗಳ ಬಿಲ್ಲು ಹೊರಗ ತಗೀರಿ. ರೂಪಾಯಿ ನೋಡಬ್ಯಾಡ್ರಿ, ಯೂನಿಟ್ ನೋಡ್ರಿ. ಸಾವಿರ ವ್ಯಾಟಿನ ಇಸ್ತ್ರಿ ಪೆಟ್ಟಿಗಿ ಒಂದು ತಾಸು ಬಿಡದ ಕಾದ್ರ ಒಂದು ಯೂನಿಟ್, ಅಷ್ಟ ಲೆಕ್ಕ. ನಮ್ಮ ಮನಿ ಬಿಲ್ಲು ಜನವರಿಯೊಳಗ 190, ಮಾರ್ಚಿನ್ಯಾಗ 270, ಏಪ್ರಿಲ್ 310, ಮೇ 320. ಮಳಿ ಹಿಡದ ಮ್ಯಾಲ ಜುಲೈದಾಗ 215, ಡಿಸೆಂಬರಿನ್ಯಾಗ 195. ಎಲ್ಲಾ ಹನ್ನೆರಡೂ ತಿಂಗಳದ್ದು ಕೂಡಿಸಿದ್ರ 2,800 ಯೂನಿಟ್ ಆತು. ಅದನ್ನ 365ರಿಂದ ಭಾಗಿಸಿದ್ರ ದಿನಕ್ಕ 7.7 ಯೂನಿಟ್.

ಒಂದ ತಿಂಗಳ ಬಿಲ್ ಹಿಡಕೊಂಡು ಕೂಡಬ್ಯಾಡ್ರಿ ಅಂತ ನಾನು ಯಾಕ ಹೇಳತೇನಿ ಅಂದ್ರ, ಹುಬ್ಬಳ್ಳಿ ಮನ್ಯಾಗ ಮೇ ತಿಂಗಳಿಗೂ ಡಿಸೆಂಬರಿಗೂ ಭಾಳ ಫರಕ್ ಅದ. ಬ್ಯಾಸಿಗ್ಯಾಗ ಫ್ಯಾನು ಹಗಲು ರಾತ್ರಿ ತಿರುಗತಾವ, ಫ್ರಿಜ್ಜು ಹೆಚ್ಚು ಓಡತದ, ಸೂಟಿಗೆ ಬಂದ ಮಂದಿನೂ ಇರ್ತಾರ. ಆ ಬಿಲ್ಲಿನ ಮ್ಯಾಲ ಅಳತಿ ತಗೊಂಡ್ರ ಅಂಗಿ ದೊಗಳಿ ಆಗ್ತದ. ಡಿಸೆಂಬರಿನ ಬಿಲ್ಲಿನ ಮ್ಯಾಲ ತಗೊಂಡ್ರ ಬಿಗಿ ಆಗ್ತದ.

ಎರಡನೇದು ಬಿಸಲಿನ ಲೆಕ್ಕ. "ಮುಂಜಾನೆ ಆರರಿಂದ ಸಂಜಿ ಆರರ ತನಕ ಹನ್ನೆರಡು ತಾಸು ಬಿಸಲು ಇರ್ತದಲ್ಲ, ಒಂದು ಕಿಲೋವ್ಯಾಟ್ ಹಾಕಿದ್ರ ಹನ್ನೆರಡು ಯೂನಿಟ್ ಬರಬೇಕಲ್ಲ?" ಅಂತ ನಮ್ಮ ನಾದಿನಿ ಕೇಳಿದ್ಲು. ಹಂಗ ಬರೂದಿಲ್ಲ. ಇದನ್ನ ನಾವು ಹೆಣ್ಣುಮಕ್ಕಳು ಮಾಳಿಗಿ ಮ್ಯಾಲ ಶಂಡಿಗಿ ಒಣಗಿಸಿ ಕಲ್ತೇವಿ. ಮುಂಜಾನೆ ಏಳಕ್ಕ ಹಾಕಿದ ಶಂಡಿಗಿ ಹತ್ತರ ತನಕ ಹಸಿನ ಇರ್ತದ. ಹತ್ತರಿಂದ ಮೂರೂವರಿ ತನಕ ಬಿದ್ದ ಬಿಸಲ ಅದನ್ನ ಒಣಗಸ್ತದ. ಸಂಜಿ ಬಿಸಲು ಕಣ್ಣಿಗೆ ಚುಚ್ಚತದ, ಶಂಡಿಗಿಗೆ ಏನೂ ಮಾಡೂದಿಲ್ಲ.

ಪ್ಯಾನೆಲ್ಲಿಗೂ ಅಷ್ಟ. ನಳಾ ಬಂದಾಗ ನೋಡ್ರಿ, ಮೊದಲ ಸಣ್ಣ ಧಾರಿ, ನಡುವ ಜೋರು, ಕಡೀಕ ಮತ್ತ ಸಣ್ಣ. ಒಟ್ಟು ತುಂಬಿದ ನೀರು ನೋಡಿ, ಇಷ್ಟು ನೀರು ಜೋರು ಧಾರಿಯೊಳಗ ಆಗಿದ್ರ ಎಷ್ಟು ತಾಸಿಗೆ ತುಂಬತಿತ್ತು ಅಂತ ಲೆಕ್ಕ ಹಾಕಬಹುದು. ಬಿಸಲಿಗೂ ಹಂಗ ಲೆಕ್ಕ ಅದ. ಮುಂಜಾನಿಂದ ಸಂಜಿತನಕ ಬಿದ್ದ ಬಿಸಲನ್ನೆಲ್ಲಾ ಕೂಡಿಸಿ, ಅದು ಎಷ್ಟು ತಾಸಿನ ಪೂರಾ ಬಿಸಲಿಗೆ ಸಮ ಅಂತ ನೋಡೂದು. ನಮ್ಮ ಹುಬ್ಬಳ್ಳಿ-ಧಾರವಾಡ ಕಡೆ ವರ್ಷದ ಸರಾಸರಿ ಐದರಿಂದ ಐದೂವರಿ ತಾಸು ಬರ್ತದ. ನಾನು ಬಿಗಿ ಲೆಕ್ಕಕ್ಕ ಐದು ಹಿಡದೆ. ನೀವು ಬ್ಯಾರೆ ಊರಾಗಿದ್ರ ಮಕ್ಕಳಿಗೆ ಹೇಳಿ globalsolaratlas.info ತಗಸ್ರಿ. ನಕಾಶೆದಾಗ ನಿಮ್ಮೂರ ಮ್ಯಾಲ ಒತ್ತಿದ್ರ PVOUT ಅಂತ ಒಂದು ಅಂಕಿ ಬರ್ತದ, ಅದು ನಿಮ್ಮೂರಾಗ ಒಂದು ಕಿಲೋವ್ಯಾಟಿಗೆ ಎಷ್ಟು ಯೂನಿಟ್ ಆಗಬಹುದು ಅನ್ನೂದು. ಮಲೆನಾಡು, ಕರಾವಳಿ ಕಡೆ ಮಳಿ ಹೆಚ್ಚು, ಅಲ್ಲಿ ಅಂಕಿ ಇಳೀತದ.

ಮೂರನೇದು ಸೋರಿಕಿ. ಐದು ತಾಸು ಪೂರಾ ಬಿಸಲು ಬಿದ್ರ ಒಂದು ಕಿಲೋವ್ಯಾಟಿಗೆ ಐದು ಯೂನಿಟ್ ಬರಬೇಕು, ಆದ್ರ ಮನಿ ತನಕ ಮುಟ್ಟೂದು ಮುಕ್ಕಾಲು ಭಾಗ ಅಷ್ಟ. ಭಾಳ ಮಂದಿಗೆ ಗೊತ್ತಿಲ್ಲ, ಪ್ಯಾನೆಲ್ಲಿಗೆ ಬೆಳಕು ಬೇಕು, ಕಾವು ಬ್ಯಾಡ. ಕಂಪನಿಯವರು ಬರದ ವ್ಯಾಟು 25 ಡಿಗ್ರಿ ತಂಪಿನ್ಯಾಗ ಅಳದದ್ದು. ಏಪ್ರಿಲ್ ಮಧ್ಯಾಹ್ನ ನಮ್ಮ ಮಾಳಿಗಿ ಮ್ಯಾಲ ಪ್ಯಾನೆಲ್ ಮುಟ್ಟಿದ್ರ ಹಂಚಿನಂಗ ಸುಡತದ. ಒಳಗ 55-60 ಡಿಗ್ರಿ ಆದ್ರ ನೂರಕ್ಕ ಹತ್ತಕ್ಕಿಂತ ಹೆಚ್ಚು ಅಲ್ಲೇ ಹೋಗ್ತದ. ಆಮ್ಯಾಲ ಧೂಳು, ವೈರು, ಇನ್ವರ್ಟರು, ಎಲ್ಲಾ ಸ್ವಲ್ಪ ಸ್ವಲ್ಪ ತಿಂತಾವ. ಹಿಂಗಾಗಿ ಐದರ ಮುಕ್ಕಾಲು, ಅಂದ್ರ ಒಂದು ಕಿಲೋವ್ಯಾಟಿಗೆ ದಿನಕ್ಕ 3.75 ಯೂನಿಟ್ ಅಂತ ನಾನು ಹಿಡದೆ. ಮಾರೂ ಮಂದಿ ಸಾಮಾನ್ಯ ನಾಕು ಅಂತ ಹೇಳತಾರ, ಅದೂ ಸುಳ್ಳಲ್ಲ.

ಇಷ್ಟು ಕೈಯಾಗ ಬಂದ್ರ ಅಳತಿ ಆತು. ದಿನದ ಯೂನಿಟ್ಟನ್ನ 3.75ರಿಂದ ಭಾಗಿಸೂದು. ನಮ್ಮ 7.7 ಭಾಗಿಸು 3.75 ಅಂದ್ರ ಎರಡಕ್ಕಿಂತ ಒಂಚೂರು ಹೆಚ್ಚು. ಅಂದ್ರ ನಾವು ಇದ್ದಂಗ ಇದ್ರ ಎರಡು ಕಿಲೋವ್ಯಾಟ್ ಸಾಕು!

ಹಂಗಾದ್ರ ಆ ಹುಡುಗನ ಐದು ಎಲ್ಲಿಂದ ಬಂತು? ಅವನೇನು ಮೋಸ ಮಾಡಿರಲಿಲ್ಲ. ನಾವ ಅವನ ಮುಂದ ಎರಡು ಮಾತು ಹೇಳಿದ್ವಿ. ಅತ್ತಿಯವರ ಖೋಲಿಗೆ ಎಸಿ ಹಾಕಸಬೇಕು, ಅಡಗಿ ಮನಿಗೆ ಇಂಡಕ್ಷನ್ ಒಲಿ ತರಬೇಕು ಅಂತ. ಅವ ಮೇ ತಿಂಗಳ 320 ಹಿಡದ, ಅದಕ್ಕ ಎಸಿದ್ದು ರಾತ್ರಿಗೆ 5 ಯೂನಿಟ್ಟಿನಂಗ 155 ಕೂಡಿಸಿದ, ಇಂಡಕ್ಷನ್ನಿದು 46 ಕೂಡಿಸಿದ. 521 ಆತು. ದಿನಕ್ಕ 17ರ ಹತ್ರ. ಭಾಗಿಸಿದ್ರ ನಾಕೂವರಿ ಬರ್ತದ, ಅದನ್ನ ಐದು ಮಾಡಿದ. ಲೆಕ್ಕ ಬರೋಬ್ಬರಿ ಅದ, ಆದ್ರ ಅದು ಮೇ ತಿಂಗಳಿನ ಲೆಕ್ಕ. ಲಗ್ನದ ಮನಿಗೆ ತಂದ ಬೋಗಾಣಿಯೊಳಗ ದಿನಾ ನಾಕು ಮಂದಿಗೆ ಅನ್ನ ಮಾಡಿದಂಗ.

ನಾನು ವರ್ಷದ ಲೆಕ್ಕದಾಗ ಆ ಎರಡೂ ಕೂಡಿಸಿದೆ. ಇಂಡಕ್ಷನ್ ದಿನಕ್ಕ ಒಂದೂವರಿ ಯೂನಿಟ್. ಎಸಿ ಹಚ್ಚೂದು ಮಾರ್ಚ್ ನಡುವಿಂದ ಮೇ ಕಡೀತನಕ, ಸುಮಾರು 75 ರಾತ್ರಿ. 75ಕ್ಕ 5ರಂಗ 375 ಯೂನಿಟ್, ವರ್ಷದ ತುಂಬ ಹಂಚಿದ್ರ ದಿನಕ್ಕ ಒಂದ ಯೂನಿಟ್ ಆತು. 7.7ಕ್ಕ 1.5, ಮತ್ತ 1 ಕೂಡಿಸಿದ್ರ 10.2. ಅದನ್ನ 3.75ರಿಂದ ಭಾಗಿಸಿದ್ರ 2.7. ಮ್ಯಾಲ ಸ್ವಲ್ಪ ಜಾಗಾ ಬಿಟ್ಟು ಮೂರು ಕಿಲೋವ್ಯಾಟ್ ಅಂತ ನಿಕ್ಕಿ ಮಾಡಿದೆ. ಪ್ಯಾನೆಲ್ ಹಳೇದಾದಂಗ ವರ್ಷಾ ವರ್ಷಾ ಸ್ವಲ್ಪ ಸ್ವಲ್ಪ ಇಳೀತಾವ, ಅದಕ್ಕೂ ಆ ಜಾಗಾ ಬೇಕು.

ಇಲ್ಲೆ ಸಬ್ಸಿಡಿ ಮಾತು ಬರ್ತದ. 2024ರಾಗ ಶುರು ಆದ ಪಿಎಂ ಸೂರ್ಯ ಘರ್ ಯೋಜನೆಯೊಳಗ ಮೊದಲ ಎರಡು ಕಿಲೋವ್ಯಾಟಿಗೆ 30,000ದಂಗ ಕೊಡತಾರ, ಮೂರನೇದಕ್ಕ 18,000. ಒಟ್ಟು 78,000. ಮೂರರ ಮ್ಯಾಲ ಎಷ್ಟ ಹಾಕಸ್ರಿ, ಒಂದು ರೂಪಾಯಿನೂ ಹೆಚ್ಚಿಗೆ ಇಲ್ಲ. ನಮಗ ಮೂರು ಕಿಲೋವ್ಯಾಟಿಗೆ ಹೇಳಿದ ರೇಟು 1,85,000, ಸಬ್ಸಿಡಿ ಹೋಗಿ 1,07,000. ಐದಕ್ಕ 2,22,000 ಅಂತ ಮೊದಲ ಹೇಳೇನಿ. ನಡುವಿನ ಫರಕ್ 1,15,000, ಪೂರಾ ನಮ್ಮ ಕೈಯಿಂದ. ಸಬ್ಸಿಡಿ ಮೊದಲ ಕೈಗೆ ಬರೂದಿಲ್ಲ, ಎಲ್ಲಾ ಕೂಡಿಸಿ ಮೀಟರ್ ಹಚ್ಚಿದ ಮ್ಯಾಲ ಬ್ಯಾಂಕಿಗೆ ಬರ್ತದ, ಅದನ್ನೂ ನೆಪ್ಪಿಟ್ಕೋರಿ.

"ಹೆಚ್ಚಾದ ಕರೆಂಟ್ ಮಾರಬಹುದಲ್ಲ ಅವ್ವ, ಹಾಕಸಬಾರದ್ಯಾಕ?" ಅಂತ ಮಗ ಫೋನಿನ್ಯಾಗ ಅಂದ. ಮಾರಬಹುದು. ಸೋಲಾರ್ ಹಾಕಸಿದ ಮನಿಗೆ ಎರಡೂ ಕಡೆ ಓದೂ ಮೀಟರ್ ಬರ್ತದ. ಹಗಲಿ ನಾವು ಬಳಸದ್ದು ಲೈನಿಗೆ ಹೋಗ್ತದ, ರಾತ್ರಿ ಲೈನಿಂದ ತಗೋತೇವಿ, ಬಿಲ್ಲಿನ್ಯಾಗ ಹೋದದ್ದು ಬಂದದ್ದು ಕಳೀತಾರ. ಹಿಂಗ ಕಳಿಯೋ ಯೂನಿಟ್ಟಿಗೆ ನಮ್ಮ ಪೂರಾ ರೇಟು ಉಳೀತದ, ಆರು ರೂಪಾಯಿ ಅಂತ ಹಿಡೀರಿ. ಆದ್ರ ಕಳದ ಮ್ಯಾಲ ಉಳದ ಯೂನಿಟ್ಟಿಗೆ ಕೊಡೂ ದರ ನಾವು ಕೊಳ್ಳೋ ದರಕ್ಕಿಂತ ಭಾಳ ಕಡಿಮಿ. ಅಂದ್ರ ಮನಿ ಬಳಕಿ ತನಕ ಸೋಲಾರ್ ಬಂಗಾರ, ಅದರ ಮ್ಯಾಲ ಹೋದ್ರ ತಾಂಬ್ರ.

ಐದು ಹಾಕಸಬೇಕಂದ್ರ ಇನ್ನೊಂದು ಖರ್ಚೂ ಇತ್ತು. ಬಿಲ್ಲಿನ್ಯಾಗ ಮಂಜೂರಾದ ಲೋಡ್ ಅಂತ ಬರದಿರ್ತದ. ನಮ್ಮದು ಮೂರು ಕಿಲೋವ್ಯಾಟ್ ಇತ್ತು. ಸೋಲಾರ್ ಅದಕ್ಕಿಂತ ದೊಡ್ಡದಾದ್ರ ಲೋಡ್ ಏರಸಬೇಕು, ಲೋಡ್ ಏರಿದ್ರ ತಿಂಗಳಾ ತಿಂಗಳಾ ಕೊಡೂ ಸ್ಥಿರ ಶುಲ್ಕನೂ ಏರತದ. ಆ ಶುಲ್ಕ ಸೋಲಾರಿಂದ ಕಳಿಯೂದಿಲ್ಲ, ಯಾವ ಕಾಲಕ್ಕೂ ಬಿಲ್ಲಿನ್ಯಾಗ ಇರೂದ.

ಅಳತಿ ಆದ ಮ್ಯಾಲ ಮಾಳಿಗಿ ಹತ್ತಿ ನೋಡಬೇಕು, ಜಾಗಾ ಅದ ಇಲ್ಲೋ ಅಂತ. ನಮ್ಮ ಪ್ಯಾನೆಲ್ಲು ಒಂದೊಂದು 540 ವ್ಯಾಟಿಂದು, ಆರು ಕೂಡಿದ್ರ ಮೂರು ಕಿಲೋವ್ಯಾಟಿನ ಮ್ಯಾಲ ಸ್ವಲ್ಪ. ಒಂದೊಂದು ಏಳೂವರಿ ಫೂಟ್ ಉದ್ದ, ಹೆಚ್ಚು ಕಡಿಮಿ ಮೂರು ಮುಕ್ಕಾಲು ಫೂಟ್ ಅಗಲ, ನಮ್ಮ ಡಬಲ್ ಕಾಟಿಗಿಂತ ಉದ್ದ. ನಡುವ ಓಡಾಡಲಿಕ್ಕೆ ಜಾಗಾ ಹಿಡದು ಒಂದು ಕಿಲೋವ್ಯಾಟಿಗೆ ನೂರು ಚದರ ಫೂಟ್ ಅಂತ ಲೆಕ್ಕ ಇಟ್ಕೋರಿ. ಆ ನೂರು ಫೂಟೂ ನೆರಳಿಲ್ಲದ್ದು ಇರಬೇಕು. ಪ್ಯಾನೆಲ್ಲು ಸರದಂಗ ಒಂದಕ್ಕೊಂದು ಪೋಣಿಸಿರ್ತಾವ, ಒಂದರ ಮ್ಯಾಲ ನೆರಳು ಬಿದ್ರ ಉಳದವೂ ಸೊರಗತಾವ.

ನಾನು ರಂಗೋಲಿ ಡಬ್ಬಿ ತಗೊಂಡು ಮಾಳಿಗಿ ಹತ್ತಿದೆ. ಡಿಸೆಂಬರ್ ತಿಂಗಳು, ಆವಾಗ ಸೂರ್ಯಾ ದಕ್ಷಿಣಕ್ಕ ವಾಲಿರ್ತಾನ, ನೆರಳು ವರ್ಷದಾಗ ಎಲ್ಲಾಕ್ಕಿಂತ ಉದ್ದ ಬೀಳತದ. ಮುಂಜಾನೆ ಒಂಬತ್ತಕ್ಕ, ಮಧ್ಯಾಹ್ನ ಹನ್ನೆರಡಕ್ಕ, ಮೂರಕ್ಕ, ನೀರಿನ ಟಾಕಿ ನೆರಳು ಎಲ್ಲಿ ಬೀಳತದ, ಬಾಜೂ ಮನಿ ತೆಂಗಿನ ಗಿಡದ್ದು ಎಲ್ಲಿ ಬೀಳತದ ಅಂತ ರಂಗೋಲಿಲೆ ಗೀರು ಹಾಕಿದೆ. ಗೀರಿನ ಹೊರಗ ಉಳದದ್ದ ನಮ್ಮ ಜಾಗಾ. ಆರು ಪ್ಯಾನೆಲ್ಲಿಗೆ ಬರೋಬ್ಬರಿ ಆತು, ಬಟ್ಟಿ ಒಣಗಸೂ ತಂತಿ ಮಾತ್ರ ಸರಿಸಿದ್ವಿ. ಐದು ಕಿಲೋವ್ಯಾಟ್ ಅಂದಿದ್ರ ಇನ್ನೂ ಮೂರು ಪ್ಯಾನೆಲ್ಲು ಟಾಕಿ ನೆರಳಿನ್ಯಾಗ ಕೂಡತಿದ್ವು. ಪ್ಯಾನೆಲ್ಲಿನ ಮುಖ ದಕ್ಷಿಣಕ್ಕ, ಓರೆ ಸುಮಾರು 15 ಡಿಗ್ರಿ. ನಮ್ಮೂರು ಭೂಮಧ್ಯ ರೇಖೆಯಿಂದ ಅಷ್ಟ ಡಿಗ್ರಿ ಮ್ಯಾಲ ಅದ, ಅದಕ್ಕ.

ಈಗ ಒಂದು ವರ್ಷ ಬರದ ಇಟ್ಟ ವಹಿ ಅದ. ಹನ್ನೆರಡು ತಿಂಗಳಿಗೆ ಬಂದದ್ದು 4,170 ಯೂನಿಟ್, ನಾವು ಬಳಸಿದ್ದು 3,725. ಕಿಲೋವ್ಯಾಟಿಗೆ ದಿನಕ್ಕ ಮೂರೂವರಿ ಬಿದ್ದಂಗಾತು, ನಾನು ಹಿಡದ 3.75ಕ್ಕಿಂತ ಒಂಚೂರು ಕಡಿಮಿ. ಮಾರ್ಚಿನ್ಯಾಗ 415 ಬಂತು. ಜುಲೈದಾಗ ಮಾಡ ಮುಸುಕಿ 235ಕ್ಕ ಇಳೀತು, ನಾವು 261 ಬಳಸಿದ್ವಿ, 26 ಯೂನಿಟ್ಟಿನ ಬಿಲ್ ಕಟ್ಟಿದ್ವಿ. ಮೇ ತಿಂಗಳಿನ್ಯಾಗ 521 ಬಳಸಿ 400 ಬಂತು, 121ಕ್ಕ ಕಟ್ಟಿದ್ವಿ. ಡಿಸೆಂಬರಿನ್ಯಾಗ ಉಲ್ಟಾ, 241 ಬಳಸಿದ್ವಿ, 375 ಬಂತು.

ಇಡೀ ವರ್ಷದಾಗ ನಮಗ ಕಡಿಮಿ ಬಿದ್ದದ್ದು ಏಪ್ರಿಲ್, ಮೇ, ಜುಲೈ, ಆಗಸ್ಟ್ ಕೂಡಿ 253 ಯೂನಿಟ್. ಆರು ರೂಪಾಯಿದಂಗ ಸುಮಾರು 1,500. ಆ 1,500 ರೂಪಾಯಿ ಉಳಸಲಿಕ್ಕೆ ನಾವು 1,15,000 ಹೆಚ್ಚಿಗೆ ಹಾಕಬೇಕಿತ್ತು. ಮ್ಯಾಲಿನ ಎರಡು ಸಾವಿರ ಯೂನಿಟ್ ಮಾರತಿದ್ವಿ ಅಂತ ಹಿಡದು, ಅರ್ಧ ರೇಟು ಸಿಕ್ತು ಅಂದ್ರೂ ವರ್ಷಕ್ಕ ಆರು ಸಾವಿರ. ಎರಡೂ ಕೂಡಿ ಏಳೂವರಿ ಸಾವಿರ. ಹಾಕಿದ ದುಡ್ಡು ಹೊಳ್ಳಿ ಬರಲಿಕ್ಕೆ ಹದಿನೈದು ವರ್ಷ. ಅತ್ತಿಯವರಿಗೆ ಈಗ 81. ಅವರ ಮೊಣಕಾಲು ಹೋದ ಆಗಸ್ಟಿನ್ಯಾಗ ಆಪರೇಶನ್ ಆತು, ಈಗ ಕೋಲು ಹಿಡಕೊಂಡು ದೇವರ ಮನಿ ತನಕ ತಾವ ಹೋಗತಾರ.

ವಹಿ ಬರಿಯೂದು ಇನ್ನೊಂದಕ್ಕೂ ಉಪಯೋಗ ಆತು. ಫೆಬ್ರವರಿಯೊಳಗ ಆಕಾಶ ಸ್ವಚ್ಛ ಇದ್ರೂ ದಿನಕ್ಕ 14 ಬರೂದು 12ಕ್ಕ ಇಳೀತು. ಮಾಡ ಇಲ್ಲ, ಮಳಿ ಇಲ್ಲ, ಅಂಕಿ ಮಾತ್ರ ಇಳದದ ಅಂದ್ರ ಪ್ಯಾನೆಲ್ ಮ್ಯಾಲ ಧೂಳು ಕೂತದ ಅಂತ ತಿಳೀಬೇಕು. ಮುಂಜಾನೆ ಬಿಸಲು ಏರೂಕಿಂತ ಮೊದಲ ಸಾದಾ ನೀರು, ಮೆತ್ತನ್ನ ಅರಬಿಲೆ ಒರಸಿದ್ವಿ, ಮರುದಿನ ಮತ್ತ 14. ಕಾದ ಪ್ಯಾನೆಲ್ ಮ್ಯಾಲ ಮಧ್ಯಾಹ್ನ ತಣ್ಣೀರು ಹಾಕಬ್ಯಾಡ್ರಿ, ಗಾಜು ಸೀಳಬಹುದು. ಬೋರಿನ ಗಡಸು ನೀರು ಹಂಗ ಒಣಗಲಿಕ್ಕೆ ಬಿಟ್ರ ಬಿಳಿ ಕಲಿ ಕೂಡತದ.

ಎರಡು ಮಾತು ಹೇಳದ ಬಿಟ್ರ ನೀವು ಆಮ್ಯಾಲ ನನಗ ಬೈತೀರಿ. ಒಂದು, ಇಂಥ ಬ್ಯಾಟರಿ ಇಲ್ಲದ ಸೋಲಾರು ಕರೆಂಟ್ ಹೋದಾಗ ತಾನೂ ಬಂದ್ ಆಗ್ತದ, ಸುಡು ಬಿಸಲಿದ್ರೂ. ಲೈನ್ ರಿಪೇರಿ ಮಾಡೂ ಮನಶಾಗ ನಮ್ಮ ಮಾಳಿಗಿ ಕರೆಂಟ್ ಹೊಡೀಬಾರದು ಅಂತ ಹಂಗ ಮಾಡಿರ್ತಾರ. ಹಿಂಗಾಗಿ ಹಳೇ ಇನ್ವರ್ಟರು, ಬ್ಯಾಟರಿ ಮಾರಿಬಿಡಬ್ಯಾಡ್ರಿ.

ಎರಡನೇದು, ಗೃಹಜ್ಯೋತಿಯೊಳಗ ಸೊನ್ನೆ ಬಿಲ್ ಬರೂ ಮನಿಯವರು ಅವಸರ ಮಾಡಬ್ಯಾಡ್ರಿ. ನಮ್ಮ ಸರಾಸರಿ 233 ಯೂನಿಟ್, 200 ದಾಟಿದ್ದಕ್ಕ ನಮಗ ಅದು ಇಲ್ಲ. ಆದ್ರ ಎದುರ ಮನಿ ವೈನಿಯವರು ತಿಂಗಳಿಗೆ 120 ಬಳಸತಾರ. ಲೆಕ್ಕ ಹಾಕಿದ್ರ ಅವರಿಗೆ ಒಂದು ಕಿಲೋವ್ಯಾಟ್ ಸಾಕು, ಆದ್ರ ಕಟ್ಟೂ ಬಿಲ್ಲ ಇಲ್ಲಂದ ಮ್ಯಾಲ ಉಳಸೂದು ಏನು? ಅವರಿಗೆ ನಾನು, "ವೈನಿ, ಆ ದುಡ್ಡು ಬ್ಯಾಂಕಿನ್ಯಾಗ ಇರಲಿ, ಬಳಕಿ ಏರಿದಾಗ ಮತ್ತ ಕೂತು ಲೆಕ್ಕ ಹಾಕೂಣು" ಅಂದೆ.

ಉಳದವರು ಹನ್ನೆರಡು ಬಿಲ್ಲು ತಗೊಂಡು ಬರ್ರಿ. ಒಂದೆರಡು ತಿಂಗಳದ್ದು ಕಳದಿದ್ರೂ ಚಿಂತಿ ಇಲ್ಲ, ಬಿಲ್ಲಿನ್ಯಾಗ ಹಿಂದಿನ ರೀಡಿಂಗ್, ಇವತ್ತಿನ ರೀಡಿಂಗ್ ಎರಡೂ ಇರ್ತಾವ, ಆಜೂಬಾಜೂ ತಿಂಗಳ ಬಿಲ್ಲಿನಿಂದ ಕಳದು ತಗೀಬಹುದು. ಮಧ್ಯಾಹ್ನ ಮೂರರ ಮ್ಯಾಲ ನಾನು ಮನ್ಯಾಗ ಇರ್ತೇನಿ, ಚಹಾಕ್ಕ ಇಟ್ಟ ಕೂಡೂಣು.